ಬಲಗಾಲಿಗೆ ಬಲವಿಲ್ಲ, ಎಡಗಾಲಿಗೆ ಬಿಸಿ ತಿಳಿಯುವುದಿಲ್ಲ: ಒಂದು ಪ್ರಕರಣದ ಪ್ರಶ್ನೆಗೆ ಉತ್ತರ

ಪ್ರಶ್ನೆ

46 ವರ್ಷದ ಮಹಿಳೆ. ನಾಲ್ಕು ತಿಂಗಳ ಹಿಂದೆ ಬೆನ್ನಿನ ಬಲಗಡೆಯಿಂದ ಹೊರಟು ಪಕ್ಕೆಲುಬಿನ ಅಂಚಿನವರೆಗೆ ಬರುವ, ಪಟ್ಟಿ ಬಿಗಿದಂಥ ನೋವು ಶುರುವಾಯಿತು. ಕೆಮ್ಮಿದರೆ, ರಾತ್ರಿ ಮಲಗಿದರೆ ಹೆಚ್ಚು. ಎರಡು ತಿಂಗಳಿಂದ ಬಲಗಾಲು ಎಳೆಯುತ್ತಿದೆ. ಆ ಕಾಲಿನ ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುವುದಿಲ್ಲ. ಕಳೆದ ವಾರ ಬಿಸಿನೀರಿನ ಚೀಲ ತಗುಲಿ ಎಡಪಾದದಲ್ಲಿ ಬೊಬ್ಬೆ ಎದ್ದಿತ್ತು. ಕಣ್ಣಿಗೆ ಬೀಳುವವರೆಗೆ ಅವರಿಗೆ ಅದರ ಅರಿವೇ ಇರಲಿಲ್ಲ. ಎಡಗಾಲಿನ ಜೋಮು ಮೊದಲು ಪಾದದಲ್ಲಿತ್ತು, ಆಮೇಲೆ ಮೊಣಕಾಲಿಗೆ ಬಂತು, ಈಗ ಹೊಟ್ಟೆಯವರೆಗೆ ಏರಿದೆ ಎನ್ನುತ್ತಾರೆ.

ಪರೀಕ್ಷೆಯಲ್ಲಿ ಬಲಗಾಲಿನ ಶಕ್ತಿ 3/5, ಸ್ನಾಯುಗಳಲ್ಲಿ ಬಿಗಿತ, ಮೊಣಕಾಲು ಮತ್ತು ಹಿಮ್ಮಡಿಯ ರಿಫ್ಲೆಕ್ಸ್ ಚುರುಕು, ಅಂಗಾಲು ಗೀರಿದರೆ ಹೆಬ್ಬೆರಳು ಮೇಲಕ್ಕೆ ಏಳುತ್ತದೆ. ಬಲಗಾಲಿನಲ್ಲಿ ಟ್ಯೂನಿಂಗ್ ಫೋರ್ಕಿನ ಕಂಪನ ತಿಳಿಯುವುದಿಲ್ಲ, ಕಣ್ಣು ಮುಚ್ಚಿದಾಗ ಬೆರಳು ಎತ್ತ ಬಾಗಿದೆ ಎಂದು ಹೇಳಲಾಗುವುದಿಲ್ಲ. ಎಡಗಾಲಿನ ಶಕ್ತಿ ಪೂರ್ತಿ ಸರಿಯಿದೆ. ಆದರೆ ಎಡಗಡೆ ಹೊಕ್ಕುಳಿನಿಂದ ಕೆಳಗೆ ಸೂಜಿಯ ಚುಚ್ಚೂ ಇಲ್ಲ, ತಂಪೂ ಇಲ್ಲ. ಬಲಗಡೆ ಎದೆಗೂಡಿನ ತುದಿಗೂ ಹೊಕ್ಕುಳಿಗೂ ನಡುಮಧ್ಯೆ, ಎರಡು ಬೆರಳಗಲದ ಪಟ್ಟಿಯಲ್ಲಿ ಯಾವ ಸ್ಪರ್ಶವೂ ಇಲ್ಲ. ಹತ್ತಿಯ ಹಗುರ ಸ್ಪರ್ಶ ಎರಡೂ ಕಾಲಿಗೆ ಹೆಚ್ಚುಕಡಿಮೆ ತಿಳಿಯುತ್ತದೆ. ಕೈ, ಮುಖ, ಮೂತ್ರದ ಹಿಡಿತ ಎಲ್ಲ ಸರಿ.

ತೊಂದರೆ ಎಲ್ಲಿದೆ, ಯಾವ ಕಡೆ, ಏಕೆ? ಕಾರಣ ಏನಿರಬಹುದು? ಮುಂದೇನು ಮಾಡುವಿರಿ?

ಉತ್ತರ

ಬೆನ್ನುಹುರಿಯ ಬಲ ಅರ್ಧ, ಟಿ8 ಮಟ್ಟ. ಹೊರಗಿನಿಂದ ಏನೋ ಒತ್ತುತ್ತಿದೆ.

ನಿಮ್ಮಲ್ಲಿ ಹಲವರು "ಎಡಗಡೆ, ಟಿ10" ಎಂದು ಬರೆದಿದ್ದೀರಿ. ಆ ತಪ್ಪಿನ ಮೂಲ ನನಗೆ ಅರ್ಥವಾಗುತ್ತದೆ. ಬೊಬ್ಬೆ ಎದ್ದ ಕಾಲು ಎಡಗಾಲು, ಸೂಜಿ ತಿಳಿಯದ ಗೆರೆ ಹೊಕ್ಕುಳಲ್ಲಿ, ಹೊಕ್ಕುಳ ಎಂದರೆ ಟಿ10. ಕಣ್ಣಿಗೆ ಕಂಡದ್ದನ್ನು ಕಂಡಲ್ಲೇ ಗುರುತು ಹಾಕಿದಿರಿ. ಆದರೆ ಚರ್ಮದ ಮೇಲೆ ಕಂಡ ಗುರುತು ಬೆನ್ನುಹುರಿಯಲ್ಲಿ ಅದೇ ಜಾಗದಲ್ಲಿ ಇರಬೇಕಿಲ್ಲ. ಪ್ರತಿಯೊಂದು ನರದ ಹಾದಿಗೂ ಒಂದೇ ಪ್ರಶ್ನೆ ಕೇಳಬೇಕು: ಇದು ಬದಿ ಬದಲಿಸುವುದು ಎಲ್ಲಿ? ಈ ಪ್ರಕರಣದಲ್ಲಿ ಉಳಿದದ್ದೆಲ್ಲ ಆ ಉತ್ತರದಿಂದಲೇ ಬಿಚ್ಚಿಕೊಳ್ಳುತ್ತದೆ.

ಬಲಹೀನ ಕಾಲಿನಿಂದ ಶುರುಮಾಡಿ. ಬಿಗಿತ, ಚುರುಕಾದ ರಿಫ್ಲೆಕ್ಸ್, ಮೇಲೇಳುವ ಹೆಬ್ಬೆರಳು ಮೂರೂ ಸೇರಿ ಕಾರ್ಟಿಕೋಸ್ಪೈನಲ್ ಹಾದಿ ಕೆಟ್ಟಿದೆ ಎನ್ನುತ್ತವೆ. ಮಿದುಳಿನಿಂದ ಇಳಿಯುವ ಈ ಹಾದಿಯ ಬಹುಪಾಲು ಎಳೆಗಳು ಮೆಡುಲ್ಲಾದ ಕೆಳತುದಿಯಲ್ಲಿ ಬದಿ ಬದಲಿಸುತ್ತವೆ. ಬೆನ್ನುಹುರಿಗೆ ಬರುವಷ್ಟರಲ್ಲಿ ದಾಟುವ ಕೆಲಸ ಮುಗಿದಿರುತ್ತದೆ. ಹಾಗಾಗಿ ಬೆನ್ನುಹುರಿಯಲ್ಲಿ ಪೆಟ್ಟು ಬಲಕ್ಕೆ ಬಿದ್ದರೆ ಸೋಲುವುದು ಬಲಗಾಲೇ.

ಕಂಪನ ಮತ್ತು ಕೀಲಿನ ಸ್ಥಾನದ ಅರಿವು ಡಾರ್ಸಲ್ ಕಾಲಮ್‌ನಲ್ಲಿ ಹೋಗುತ್ತದೆ. ಇದು ಕಾಲಿನಿಂದ ಬಂದ ಬದಿಯಲ್ಲೇ ಬೆನ್ನುಹುರಿಯುದ್ದಕ್ಕೂ ಏರಿ, ಮೆಡುಲ್ಲಾದಲ್ಲಿ ಇನ್ನೊಂದು ನರಕೋಶಕ್ಕೆ ಸುದ್ದಿ ಒಪ್ಪಿಸಿದ ಮೇಲಷ್ಟೇ ದಾಟುತ್ತದೆ. ಆದ್ದರಿಂದ ಇದೂ ಬಲಗಾಲಿನಲ್ಲೇ ಹೋಗಿದೆ. ಚಪ್ಪಲಿ ಕಳಚಿದ್ದು ತಿಳಿಯದಿರುವುದಕ್ಕೆ ಕಾಲು ಸೋತಿರುವುದಷ್ಟೇ ಕಾರಣವಲ್ಲ.

ಈಗ ನೋವು ಮತ್ತು ಬಿಸಿ-ತಂಪು. ಇವನ್ನು ಹೊತ್ತ ಎಳೆಗಳು ಬೆನ್ನುಹುರಿಗೆ ಬಂದು, ಲಿಸಾವರ್ ಹಾದಿಯಲ್ಲಿ ಒಂದೆರಡು ಮಟ್ಟ ಮೇಲೇರಿ, ಅಲ್ಲಿನ ನರಕೋಶಕ್ಕೆ ಸುದ್ದಿ ಕೊಡುತ್ತವೆ. ಆ ಕೋಶದ ಎಳೆ ಬೆನ್ನುಹುರಿಯ ಮುಂಭಾಗದ ಬಿಳಿ ಸೇತುವೆಯಲ್ಲಿ ಆಚೆ ಬದಿಗೆ ಹಾದು, ಸ್ಪೈನೋಥಲಾಮಿಕ್ ಹಾದಿಯಾಗಿ ಮೇಲೆ ಸಾಗುತ್ತದೆ. ಮೂರರಲ್ಲಿ ಬೆನ್ನುಹುರಿಯ ಒಳಗೇ, ಹೊಕ್ಕ ಸ್ವಲ್ಪ ಹೊತ್ತಿಗೇ ದಾಟುವುದು ಇದೊಂದೇ. ಎಡಗಾಲಿನ ನೋವು ಟಿ8ಕ್ಕೆ ತಲುಪುವ ಹೊತ್ತಿಗೆ ಬಲಗಡೆಗೆ ಬಂದುಬಿಟ್ಟಿರುತ್ತದೆ. ಅಲ್ಲಿ ತಡೆ ಬಿದ್ದಿದೆ. ಕಳೆದುಕೊಂಡದ್ದು ಎಡಗಾಲು, ತಪ್ಪು ನಡೆದದ್ದು ಬಲಗಡೆ.

ಇದನ್ನು ಮೊದಲು ಪ್ರಯೋಗದಿಂದ ತೋರಿಸಿದವರು 1817ರಲ್ಲಿ ಮಾರಿಷಸ್‌ನಲ್ಲಿ ಹುಟ್ಟಿದ ಬ್ರೌನ್-ಸೆಕಾರ್. 1850ರ ಸುಮಾರಿಗೆ ಅವರು ಪ್ರಾಣಿಗಳ ಬೆನ್ನುಹುರಿಯನ್ನು ಅರ್ಧಕ್ಕೆ ಕತ್ತರಿಸಿ, ಸಂವೇದನೆಯ ಹಾದಿ ಬೆನ್ನುಹುರಿಯೊಳಗೇ ದಾಟುತ್ತದೆ ಎಂದು ವಾದಿಸಿದರು. ಈ ಚಿತ್ರಕ್ಕೆ ಅವರದೇ ಹೆಸರು: ಬ್ರೌನ್-ಸೆಕಾರ್ ಸಿಂಡ್ರೋಮ್. ಹೆಸರು ಬರೆದದ್ದಕ್ಕೆ ನಾನು ಅಂಕ ಕೊಡುತ್ತೇನೆ. ಆದರೆ ಹೆಸರು ಬರೆದೂ ಬದಿ ತಪ್ಪಿಸಿದರೆ ಆ ಅಂಕದಿಂದ ರೋಗಿಗೆ ಏನೂ ದಕ್ಕುವುದಿಲ್ಲ.

ಮಟ್ಟದ ವಿಷಯಕ್ಕೆ ಬರೋಣ. ಎದೆಗೂಡಿನ ತುದಿ ಟಿ6, ಹೊಕ್ಕುಳ ಟಿ10. ಬಲಗಡೆಯ ಪಟ್ಟಿ ನಡುಮಧ್ಯೆ ಇದೆ, ಅಂದರೆ ಟಿ8. ಈ ಪಟ್ಟಿ ಬಹಳ ಬೆಲೆಯುಳ್ಳದ್ದು. ಅಲ್ಲಿಗೆ ಬರುವ ನರಬೇರು, ಅದು ಹೊಕ್ಕುವ ಜಾಗ ಎರಡೂ ಕೆಟ್ಟಿರುವುದರಿಂದ ಎಲ್ಲ ಬಗೆಯ ಸ್ಪರ್ಶವೂ ಒಟ್ಟಿಗೆ ಹೋಗಿದೆ. ನಾಲ್ಕು ತಿಂಗಳ ಹಿಂದಿನ ಬಿಗಿಯುವ ನೋವು ಬಂದದ್ದೂ ಅದೇ ಬೇರಿನಿಂದ. ಎಡಗಡೆಯ ಗೆರೆ ಟಿ10ಕ್ಕೆ ನಿಂತಿರುವುದು ಎಳೆಗಳು ದಾಟುವ ಮುನ್ನ ಒಂದೆರಡು ಮಟ್ಟ ಏರುವುದರಿಂದ. ಟಿ9ರ ನೋವಿನ ಎಳೆ ಟಿ8ಕ್ಕಿಂತ ಮೇಲೇರಿಯೇ ಬಲಕ್ಕೆ ದಾಟಿರಬಹುದು. ಹಾಗಾದರೆ ಅದು ತಡೆಯಿಂದ ತಪ್ಪಿಸಿಕೊಂಡಂತೆ.

ಇಲ್ಲಿ ಒಂದು ಹೆಜ್ಜೆ ನಿಂತು ಯೋಚಿಸಬೇಕು. ಇದೇ ಮಹಿಳೆ ಒಂದು ತಿಂಗಳ ಮೊದಲು ಬಂದಿದ್ದರೆ ಸೂಜಿಯ ಗೆರೆ ಮೊಣಕಾಲಿನಲ್ಲಿ ಸಿಗುತ್ತಿತ್ತು. ತೊಂದರೆ ಆಗಲೂ ಟಿ8ರಲ್ಲೇ ಇತ್ತು. ಕಾರಣ, ಸ್ಪೈನೋಥಲಾಮಿಕ್ ಹಾದಿಯಲ್ಲಿ ಪಾದ ಮತ್ತು ಕಾಲಿನ ಎಳೆಗಳು ಹೊರ ಅಂಚಿನಲ್ಲಿರುತ್ತವೆ. ಮೇಲಿನ ಮಟ್ಟಗಳಿಂದ ಬಂದವು ಒಂದರ ಪಕ್ಕ ಒಂದರಂತೆ ಒಳಗಡೆ ಸೇರುತ್ತ ಹೋಗುತ್ತವೆ. ಹೊರಗಿನಿಂದ ಒತ್ತಡ ಬಂದಾಗ ಮೊದಲು ನಲುಗುವುದು ಹೊರ ಅಂಚು, ಅಂದರೆ ಪಾದ. ಒತ್ತಡ ಹೆಚ್ಚಿದಂತೆ ಜೋಮು ಏರುತ್ತದೆ. ಬೆನ್ನುಹುರಿಯ ಒಳಗೇ ಹುಟ್ಟಿದ ಗಡ್ಡೆಯಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು. ಕುಳಿತುಕೊಳ್ಳುವ ಭಾಗದ ಚರ್ಮ ಕೊನೆಯವರೆಗೆ ಉಳಿಯಬಹುದು. "ಮೊದಲು ಪಾದ, ಆಮೇಲೆ ಮೊಣಕಾಲು, ಈಗ ಹೊಟ್ಟೆ" ಎಂದು ಅವರು ತಾವಾಗಿ ಹೇಳಿದ ಒಂದು ಮಾತಿನಲ್ಲಿ ಇಷ್ಟೂ ಅಡಗಿದೆ. ಹೀಗಿರುವಾಗ ನೋವು ತಿಳಿಯದ ಗೆರೆ ನಮಗೆ ಹೇಳುವುದು "ತೊಂದರೆ ಇಲ್ಲಿ ಅಥವಾ ಇದಕ್ಕಿಂತ ಮೇಲೆ" ಎಂದಷ್ಟೇ. ಮೊಣಕಾಲಿನ ಗೆರೆ ನಂಬಿ ಸೊಂಟದ ಎಂಆರ್‌ಐ ಮಾತ್ರ ಮಾಡಿಸಿದರೆ ಗಡ್ಡೆ ಚಿತ್ರದಲ್ಲೇ ಬರುವುದಿಲ್ಲ. ವಯಸ್ಕರಲ್ಲಿ ಬೆನ್ನುಹುರಿ ಎಲ್1-ಎಲ್2 ಮೂಳೆಗಳ ಹತ್ತಿರ ಮುಗಿದೇ ಹೋಗುತ್ತದೆ. ಚುರುಕಾದ ರಿಫ್ಲೆಕ್ಸ್ ಇರುವ ಕಾಲಿಗೆ ಅದರ ಕೆಳಗೆ ಕಾರಣ ಹುಡುಕುವುದು ವ್ಯರ್ಥ.

ಶಸ್ತ್ರಚಿಕಿತ್ಸಕರಿಗೆ ಮಟ್ಟ ಹೇಳುವಾಗ ಇನ್ನೊಂದು ಎಚ್ಚರ ಬೇಕು: ಟಿ8 ಎಂದರೆ ಬೆನ್ನುಹುರಿಯ ಎಂಟನೆಯ ಎದೆಭಾಗ, ಎಂಟನೆಯ ಮೂಳೆಯಲ್ಲ. ಬೆನ್ನುಹುರಿ ಬೆನ್ನೆಲುಬಿಗಿಂತ ಗಿಡ್ಡ. ಈ ಭಾಗ ಸುಮಾರಾಗಿ ಟಿ6 ಮೂಳೆಯ ಮುಳ್ಳಿನ ನೇರಕ್ಕೆ ಸಿಗುತ್ತದೆ.

ಹತ್ತಿಯ ಸ್ಪರ್ಶ ಉಳಿದದ್ದು ಹಲವರಿಗೆ ಗೊಂದಲ ತಂದಿದೆ. ಹಗುರ ಸ್ಪರ್ಶಕ್ಕೆ ಎರಡು ಹಾದಿಗಳಿವೆ: ಡಾರ್ಸಲ್ ಕಾಲಮ್ ಒಂದು, ದಾಟಿ ಹೋಗುವ ಸ್ಪೈನೋಥಲಾಮಿಕ್ ಇನ್ನೊಂದು. ಅರ್ಧ ಬೆನ್ನುಹುರಿ ಕೆಟ್ಟರೂ ಪ್ರತಿ ಕಾಲಿಗೆ ಒಂದೊಂದು ಹಾದಿ ಉಳಿದಿರುತ್ತದೆ. ಅದಕ್ಕೇ ಹತ್ತಿಯೊಂದನ್ನೇ ಹಿಡಿದು ಪರೀಕ್ಷೆ ಮುಗಿಸಿದವರಿಗೆ ಈ ರೋಗ ಕಾಣುವುದಿಲ್ಲ. ಸೂಜಿ, ತಣ್ಣನೆಯ ಲೋಹ, ಟ್ಯೂನಿಂಗ್ ಫೋರ್ಕ್ ಮೂರೂ ಬೇಕು. ಮೂತ್ರದ ಹಿಡಿತಕ್ಕೂ ಎರಡೂ ಬದಿಯ ಹಾದಿಗಳಿವೆ, ಹಾಗಾಗಿ ಒಂದು ಬದಿಯ ಪೆಟ್ಟಿನಲ್ಲಿ ಅದು ಸಾಮಾನ್ಯವಾಗಿ ಉಳಿಯುತ್ತದೆ. ಮುಂದೆ ಅದೂ ಕೆಟ್ಟರೆ ಒತ್ತಡ ಇನ್ನೊಂದು ಬದಿಗೂ ದಾಟಿದೆ ಎಂದೇ ತಿಳಿಯಬೇಕು.

ಬೇರೆ ಜಾಗಗಳನ್ನು ಏಕೆ ಬಿಡಬಹುದು? ಮಿದುಳಿನ ಅರೆಗೋಳದಲ್ಲಿ ತೊಂದರೆಯಾದರೆ ಬಲಹೀನತೆ ಮತ್ತು ಸಂವೇದನೆಯ ನಷ್ಟ ಎರಡೂ ಒಂದೇ ಬದಿಗೆ ಬೀಳುತ್ತವೆ. ಮೆಡುಲ್ಲಾದ ಪಕ್ಕದ ಪೆಟ್ಟಿನಲ್ಲಿ ಎದುರು ಬದಿಯ ನೋವು ಹೋಗುವುದು ನಿಜ. ಆದರೆ ಜೊತೆಗೆ ಮುಖದ ಸಂವೇದನೆ, ನುಂಗುವಿಕೆ, ತಲೆಸುತ್ತು ಬರುತ್ತವೆ, ಕಾಲು ಸೋಲುವುದು ಅದರ ಲಕ್ಷಣವಲ್ಲ. ಬೆನ್ನುಹುರಿಯ ಮುಂದಿನ ರಕ್ತನಾಳ ಕಟ್ಟಿದರೆ ಎರಡೂ ಕಾಲು ಒಟ್ಟಿಗೆ ಸೋಲುತ್ತವೆ, ಕಂಪನ ಉಳಿಯುತ್ತದೆ. ಇಲ್ಲಿ ಕೈ, ಮುಖ ಯಾವುದಕ್ಕೂ ತೊಂದರೆಯಿಲ್ಲ.

ಇರಿತದಂಥ ಗಾಯವಿಲ್ಲ, ಒಂದೆರಡು ದಿನದಲ್ಲಿ ಬಂದ ಉರಿಯೂತದ ಕಥೆಯೂ ಇದಲ್ಲ. ಬೇರಿನ ನೋವಿನಿಂದ ಶುರುವಾಗಿ ತಿಂಗಳುಗಟ್ಟಲೆ ನಿಧಾನವಾಗಿ ಏರುವುದು ಒತ್ತಡದ ನಡೆ. ನಡುವಯಸ್ಸಿನ ಮಹಿಳೆ, ಎದೆಭಾಗದ ಬೆನ್ನುಹುರಿ, ಹೊರಗಿನ ಒತ್ತಡ ಎಂದಾಗ ನನ್ನ ಮೊದಲ ಊಹೆ ಮೆನಿಂಜಿಯೋಮಾ. ನರಬೇರಿನಿಂದ ಹುಟ್ಟುವ ಶ್ವಾನೋಮಾ ಎರಡನೆಯದು. ಮೂಳೆಯ ಕ್ಷಯ, ಬೇರೆಡೆಯಿಂದ ಹರಡಿದ ಕ್ಯಾನ್ಸರ್, ಜಾರಿದ ಡಿಸ್ಕ್ ಇವನ್ನೂ ಚಿತ್ರ ನೋಡುವವರೆಗೆ ಕೈಬಿಡಬಾರದು.

ಮುಂದಿನ ಹೆಜ್ಜೆ ಇಡೀ ಬೆನ್ನೆಲುಬಿನ ಎಂಆರ್‌ಐ, ಗ್ಯಾಡೋಲಿನಿಯಂ ಕೊಟ್ಟು, ತಡಮಾಡದೆ. ಚಿತ್ರಕ್ಕೆ ಮೊದಲು ಸೊಂಟಕ್ಕೆ ಸೂಜಿ ಹಾಕಿ ಬೆನ್ನುಹುರಿಯ ನೀರು ತೆಗೆಯಬೇಡಿ. ತಡೆಯ ಕೆಳಗಿನ ಒತ್ತಡ ಇಳಿದರೆ ಇರುವ ಶಕ್ತಿಯೂ ಹೋಗಬಹುದು. ನರಶಸ್ತ್ರಚಿಕಿತ್ಸಕರಿಗೆ ಅಂದೇ ತಿಳಿಸಿ. ಮೆನಿಂಜಿಯೋಮಾ ಆಗಿದ್ದರೆ ಸಾಮಾನ್ಯವಾಗಿ ಪೂರ್ತಿ ತೆಗೆಯಬಹುದಾದ ಗಡ್ಡೆ ಅದು. ಅರ್ಧ ಮಾತ್ರ ಕೆಟ್ಟ ಬೆನ್ನುಹುರಿ ಚೇತರಿಸಿಕೊಳ್ಳುವ ಸಾಧ್ಯತೆಯೂ ಚೆನ್ನಾಗಿರುತ್ತದೆ. ಈಗ ನಡೆಯುತ್ತಿರುವವರು ಮತ್ತೆ ಚೆನ್ನಾಗಿ ನಡೆಯಬಹುದು ಎಂದು ಧೈರ್ಯ ಹೇಳಬಹುದು.

ನಿಮ್ಮ ಉತ್ತರಗಳಲ್ಲಿ ಒಂದರಲ್ಲೂ ಎಡಪಾದದ ಬೊಬ್ಬೆಗೆ ಏನು ಮಾಡುವಿರಿ ಎಂದು ಇರಲಿಲ್ಲ. ಅದನ್ನು ತೊಳೆದು ಕಟ್ಟುಕಟ್ಟಿ, ಆ ಮಹಿಳೆಯ ಜೊತೆ ಕುಳಿತು ಹೇಳಿ. ಅವರ ಚಿಂತೆಯೆಲ್ಲ ಎಳೆಯುವ ಬಲಗಾಲಿನ ಮೇಲಿದೆ, ಎಡಗಾಲನ್ನು ಒಳ್ಳೆಯ ಕಾಲು ಎಂದುಕೊಂಡಿದ್ದಾರೆ. ಸುಟ್ಟರೆ, ಮುಳ್ಳು ಚುಚ್ಚಿದರೆ ಸುದ್ದಿ ಹೇಳದ ಕಾಲು ಅದೇ. ಬಿಸಿನೀರಿನ ಚೀಲ ಬೇಡ. ಸ್ನಾನದ ನೀರನ್ನು ಕೈಯಲ್ಲಿ ಮುಟ್ಟಿ ನೋಡಿಯೇ ಕಾಲಿಗೆ ಹಾಕಿಕೊಳ್ಳಲಿ, ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳಲಿ, ದಿನಾ ಸಂಜೆ ಕನ್ನಡಿ ಹಿಡಿದು ಎಡ ಅಂಗಾಲನ್ನು ಒಮ್ಮೆ ನೋಡಿಕೊಳ್ಳಲಿ.