ಅಸೈನ್‌ಮೆಂಟ್ 3, ಪ್ರಶ್ನೆ 2: ಉಕಾರಾಂತ ನಾಮಪದಗಳ ಚತುರ್ಥಿ ರೂಪ (ಮೌಲ್ಯಮಾಪನ ಟಿಪ್ಪಣಿ)

ಉತ್ತರ ಪತ್ರಿಕೆ 14
ಒಟ್ಟು: 12/20

ಪ್ರಶ್ನೆ: ಚತುರ್ಥಿಯಲ್ಲಿ ಪದದ ಕೊನೆಯ ಉ ಯಾವಾಗ ಉಳಿಯುತ್ತದೆ, ಯಾವಾಗ ಬೀಳುತ್ತದೆ ಎಂಬ ವಿನ್ಯಾಸವನ್ನು ದತ್ತಾಂಶದಿಂದ ಕಂಡುಹಿಡಿದು, ನಿಯಮವಾಗಿ ಹೇಳಿ ಸಮರ್ಥಿಸಿ. ಕೊಟ್ಟಿದ್ದ ದತ್ತಾಂಶ: ಊರು–ಊರಿಗೆ, ಗುರು–ಗುರುವಿಗೆ, ಕಾಡು–ಕಾಡಿಗೆ, ಹಸು–ಹಸುವಿಗೆ, ಹಾಲು–ಹಾಲಿಗೆ, ಕರು–ಕರುವಿಗೆ, ಬೆಕ್ಕು–ಬೆಕ್ಕಿಗೆ, ಮಗು–ಮಗುವಿಗೆ, ಕಣ್ಣು–ಕಣ್ಣಿಗೆ, ಬಾಗಿಲು–ಬಾಗಿಲಿಗೆ, ಸಾಧು–ಸಾಧುವಿಗೆ, ಮಧು (ಜೇನು)–ಮಧುವಿಗೆ.

ದತ್ತಾಂಶ ವಿಶ್ಲೇಷಣೆ: 6/8

ಹನ್ನೆರಡು ಪದಗಳನ್ನೂ ಬಿಡಿಸಿ, ಕೊನೆಯ ಉ ಉಳಿದದ್ದು ಒಂದು ಕಡೆ, ಬಿದ್ದದ್ದು ಇನ್ನೊಂದು ಕಡೆ ಎಂದು ಎರಡು ಸಾಲು ಮಾಡಿದ್ದೀರಿ. ಓದಲು ಹಿತವಾಗಿದೆ, ಒಂದು ರೂಪವೂ ತಪ್ಪಿಲ್ಲ. ಅಂಕ ಹೋದದ್ದು ಎರಡು ಕಡೆ. ಮಧು ಪದವನ್ನು ‘ವ್ಯಕ್ತಿಯ ಹೆಸರು’ ಎಂದು ಬರೆದು ಜೀವಿಗಳ ಗುಂಪಿಗೆ ಸೇರಿಸಿದ್ದೀರಿ. ಪ್ರಶ್ನೆಯಲ್ಲಿ ಅರ್ಥ ‘ಜೇನು’ ಎಂದು ಕೊಟ್ಟಿತ್ತು. ಅರ್ಥ ಕೊಟ್ಟಿರುವಾಗ ಅದೂ ದತ್ತಾಂಶವೇ, ಅದನ್ನು ಬದಲಿಸುವ ಹಾಗಿಲ್ಲ. ಎರಡನೆಯದು, ಪದಗಳ ಅರ್ಥದ ಕಾಲಂ ಹಾಕಿದಿರಿ, ಧ್ವನಿರಚನೆಯ ಕಾಲಂ ಹಾಕಲಿಲ್ಲ. ಮೊದಲ ಸ್ವರ ಹ್ರಸ್ವವೋ ದೀರ್ಘವೋ, ನಡುವೆ ಒಂಟಿ ವ್ಯಂಜನವೋ ದ್ವಿತ್ವವೋ, ಅಕ್ಷರ ಎಷ್ಟು ಎಂದು ಒಮ್ಮೆ ಬರೆದುಕೊಂಡಿದ್ದರೆ ಮುಂದಿನದು ಬೇರೆಯೇ ಆಗುತ್ತಿತ್ತು.

ವಿನ್ಯಾಸದ ನಿರೂಪಣೆ: 3/6

ನಿಮ್ಮ ವಾಕ್ಯ: “ಜೀವಿಗಳನ್ನು ಸೂಚಿಸುವ ಪದಗಳಿಗೆ ‘-ವಿಗೆ’, ನಿರ್ಜೀವ ವಸ್ತುಗಳಿಗೆ ‘-ಇಗೆ’ ಹತ್ತುತ್ತದೆ. ಬೆಕ್ಕು ಅಪವಾದ.” ವಾಕ್ಯ ಸ್ಪಷ್ಟವಾಗಿದೆ. ಯಾವ ಪದಕ್ಕೆ ಏನಾಗುತ್ತದೆ ಎಂದು ಅದರಿಂದ ಹೇಳಬಹುದು, ಸುಳ್ಳೆಂದು ತೋರಿಸಲೂಬಹುದು. ಮೂರು ಅಂಕ ಅದಕ್ಕೆ. ಅನೇಕರು ‘ಕೆಲವು ಪದಗಳಲ್ಲಿ’ ಎಂದು ಬರೆದು ಜಾರಿಕೊಂಡಿದ್ದಾರೆ, ನೀವು ಹಾಗೆ ಮಾಡಲಿಲ್ಲ.

ಆದರೆ ವಿನ್ಯಾಸ ಇದಲ್ಲ. ಬೆಕ್ಕನ್ನು ಅಪವಾದವೆಂದು ಬದಿಗಿಟ್ಟಿರಿ, ಮಧು ಜೇನಾದ ಕೂಡಲೇ ಅದೂ ಅಪವಾದ. ಪಟ್ಟಿಯ ಆಚೆಗೆ ಒಂದು ಹೆಜ್ಜೆ ಇಡಿ: ಹಾವಿಗೆ, ಮೀನಿಗೆ, ಹೆಣ್ಣಿಗೆ. ಎಲ್ಲವೂ ಜೀವಿಗಳು, ಎಲ್ಲದರಲ್ಲೂ ಉ ಬಿದ್ದಿದೆ. ಗುರು, ಹಸು, ಕರು, ಮಗು ಜೀವಿಗಳಾಗಿರುವುದು ಇಲ್ಲಿ ಕಾಕತಾಳೀಯ. ಇವು ಮಧುವಿನ ಜೊತೆ ಹಂಚಿಕೊಳ್ಳುವುದು ಆಕಾರವನ್ನು: ಎರಡೇ ಅಕ್ಷರ, ಮೊದಲ ಸ್ವರ ಹ್ರಸ್ವ, ನಡುವೆ ಒಂಟಿ ವ್ಯಂಜನ. ಅಲ್ಲಿ ಉ ಉಳಿಯುತ್ತದೆ. ದೀರ್ಘ ಸ್ವರವಿದ್ದರೆ (ಕಾಡು), ದ್ವಿತ್ವವಿದ್ದರೆ (ಬೆಕ್ಕು), ಪದ ಉದ್ದವಾದರೆ (ಬಾಗಿಲು) ಬೀಳುತ್ತದೆ. ಬೆಕ್ಕು ಈಗ ಅಪವಾದವಲ್ಲ, ನಿಯಮದ ಒಳಗಿನ ಮಾತು.

ಸಾಧು ಮಾತ್ರ ಹೊರಗೆ ಉಳಿಯುತ್ತದೆ. ಕಾಡು ಮತ್ತು ಸಾಧು ಒಂದೇ ಆಕಾರ, ಆದರೂ ಕಾಡಿಗೆ, ಸಾಧುವಿಗೆ. ಸಾಧು ಸಂಸ್ಕೃತದಿಂದ ಬಂದದ್ದು, ವಾಯು, ವಸ್ತು, ಶತ್ರುಗಳ ಹಾಗೆ. ಅದರ ಉ ಮೂಲದಲ್ಲೇ ಇದೆ. ಊರು, ಹಾಲು, ಕಣ್ಣು, ಬಾಗಿಲುಗಳ ಹಳಗನ್ನಡ ರೂಪ ಊರ್, ಪಾಲ್, ಕಣ್, ಬಾಗಿಲ್. ಅಲ್ಲಿ ಉ ಆಮೇಲೆ ಹತ್ತಿಕೊಂಡದ್ದು. ಇಷ್ಟೆಲ್ಲ ಬರೆಯಬೇಕೆಂದು ನಿರೀಕ್ಷಿಸಿರಲಿಲ್ಲ. ‘ಸಾಧು ನನ್ನ ನಿಯಮಕ್ಕೆ ಒಗ್ಗುವುದಿಲ್ಲ’ ಎಂದು ಒಂದು ಸಾಲು ಬರೆದವರಿಗೂ ಪೂರ್ಣ ಅಂಕ ಕೊಟ್ಟಿದ್ದೇನೆ.

ನಿಯಮದ ಸಮರ್ಥನೆ: 3/6

ಎರಡನೇ ಪುಟದ ಕೊನೆಯಲ್ಲಿ ನೀವಾಗಿಯೇ ಊರನ್ನು–ಗುರುವನ್ನು, ಕಾಡಿನಲ್ಲಿ–ಹಸುವಿನಲ್ಲಿ ಜೋಡಿಗಳನ್ನು ತಂದಿದ್ದೀರಿ. ಈ ಪತ್ರಿಕೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಸಾಲು ಅದು, ಯಾರೂ ಕೇಳಿರಲಿಲ್ಲ. ಮೂರೂ ಅಂಕ ಅದಕ್ಕೇ. ಆದರೆ ಅದನ್ನು ಇನ್ನೊಮ್ಮೆ ಓದಿ. ‘ಗುರುವನ್ನು’ ಪದದಲ್ಲೂ ವ ಇದೆ. ಹಾಗಾದರೆ ವ ಚತುರ್ಥಿ ಪ್ರತ್ಯಯದ ಭಾಗವಾಗಲು ಹೇಗೆ ಸಾಧ್ಯ? ‘-ವಿಗೆ’ ಎಂಬ ಬೇರೆ ಪ್ರತ್ಯಯವೇ ಬೇಡ. ಪ್ರತ್ಯಯ ಎರಡೂ ಕಡೆ ‘-ಇಗೆ’, ಉ ಉಳಿದಾಗ ಎರಡು ಸ್ವರಗಳ ನಡುವೆ ವ ಬರುತ್ತದೆ. ನಿಮ್ಮ ಸಾಕ್ಷ್ಯವೇ ನಿಮ್ಮ ಮೊದಲ ವಾಕ್ಯವನ್ನು ತಿದ್ದುತ್ತಿದೆ, ನೀವು ಅದನ್ನು ಅಲ್ಲೇ ಬಿಟ್ಟು ಮುಂದೆ ಹೋಗಿದ್ದೀರಿ.

ಅದರ ಮುಂದಿನ “ಇಲ್ಲಿ ಲೋಪಸಂಧಿ, ಅಲ್ಲಿ ಆಗಮಸಂಧಿ ಆಗಿರುವುದರಿಂದ ನಿಯಮ ಸರಿಯಾಗಿದೆ” ಎಂಬುದಕ್ಕೆ ಅಂಕವಿಲ್ಲ. ಹೆಸರುಗಳು ಸರಿ. ಆದರೆ ಉ ಬಿದ್ದದ್ದಕ್ಕೆ ಲೋಪ ಎಂದು ಹೆಸರಿಟ್ಟರೆ ಅದು ಏಕೆ ಊರಿನಲ್ಲಿ ಬಿತ್ತು, ಗುರುವಿನಲ್ಲಿ ಬೀಳಲಿಲ್ಲ ಎಂಬುದು ಗೊತ್ತಾಗುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಪದದ ಮೇಲೆ ನಿಯಮವನ್ನು ಒಮ್ಮೆಯೂ ಪರೀಕ್ಷಿಸಿಲ್ಲ, ‘ಜೀವಿ’ ವಿವರಣೆಯ ಎದುರು ಇನ್ನೊಂದು ವಿವರಣೆಯನ್ನು ಇಟ್ಟು ತೂಗಿಯೂ ಇಲ್ಲ.

ಉತ್ತರವನ್ನು ತಿದ್ದಿ ಮತ್ತೆ ಕೊಡುವ ಅವಕಾಶ ಎಲ್ಲರಿಗೂ ಇದೆ, ಮುಂದಿನ ಸೋಮವಾರದವರೆಗೆ. ಟೇಬಲ್ ಹಾಗೆಯೇ ಇರಲಿ, ಧ್ವನಿರಚನೆಯ ಕಾಲಂ ಸೇರಿಸಿ, ವಿನ್ಯಾಸದ ವಾಕ್ಯವನ್ನು ಹೊಸದಾಗಿ ಬರೆಯಿರಿ. ಮೂಗು, ನಡು, ಋತು, ಜಂತು ಈ ನಾಲ್ಕು ಪದಗಳ ರೂಪವನ್ನು ಮೊದಲು ನಿಯಮದಿಂದ ಊಹಿಸಿ, ಆಮೇಲೆ ನಿಜವಾದ ರೂಪದ ಜೊತೆ ಇಟ್ಟು ನೋಡಿ. ನಾಲ್ಕರಲ್ಲಿ ಒಂದು ನಿಮ್ಮನ್ನು ತಡೆಯುತ್ತದೆ. ಅದಕ್ಕೆ ಏನು ಮಾಡುವಿರಿ ಎಂಬುದನ್ನೂ ಬರೆಯಿರಿ.