ಲೈನ್ ಕ್ಲಿಯರ್

ಕೃತ್ತಿಕೆ ಮಳೆಯ ಮೂರನೆಯ ದಿನ ಸಂಜೆ ಆರರ ಹೊತ್ತಿಗೆ ಸಾಗರ ಪಟ್ಟಣದ ಮೇಲೆ ಎದ್ದ ಗಾಳಿ ಅರ್ಧ ಗಂಟೆಯಲ್ಲಿ ನಿಂತುಹೋಯಿತಾದರೂ, ಅಷ್ಟರೊಳಗೆ ಪೇಟೆಯ ಅಂಚಿನ ಬಡಾವಣೆಗಳಿಗೆ ಕರೆಂಟು ಒಯ್ಯುವ ಫೀಡರ್ ಲೈನು ಮೂರು ಬಾರಿ ಟ್ರಿಪ್ ಆಗಿ, ನಾಲ್ಕನೆಯ ಬಾರಿಗೆ ಮತ್ತೆ ಚಾಲೂ ಆಗಲೇ ಇಲ್ಲ. ರಾತ್ರಿ ಹತ್ತೂವರೆಗೆ ನಾಗರಾಜನ ಫೋನು ರಿಂಗಾದಾಗ ಅವನು ಬಟ್ಟೆಯನ್ನೂ ಬದಲಿಸದೆ ಕುಳಿತಿದ್ದನು. ಕಿರಿಯ ಪವರ್‌ಮ್ಯಾನ್ ಆಗಿ ಕೆಲಸಕ್ಕೆ ಸೇರಿ ಇಪ್ಪತ್ತೆರಡು ದಿನಗಳಾಗಿದ್ದವು. ಹಗಲಿನಲ್ಲಿ ಕಂಬ ಹತ್ತಿದ್ದನು. ರಾತ್ರಿಯ ಕರೆ ಇದೇ ಮೊದಲು.

ಹೊರಡುವಾಗ ಅಜ್ಜ ಜಗಲಿಯ ಮೇಲೆ ಲಾಟೀನು ಹಿಡಿದು ನಿಂತಿದ್ದರು. ಅವರ ಹುಟ್ಟೂರು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಹಿನ್ನೀರಿನಲ್ಲಿ ಮುಳುಗಿತ್ತು. ನಾಡಿಗೆಲ್ಲ ಕರೆಂಟು ಬರಲೆಂದು ಗದ್ದೆ ಮನೆ ಬಿಟ್ಟು ಬಂದವರ ಹೊಸ ಮನೆಗೆ ಕರೆಂಟು ಬಂದದ್ದು ಎಷ್ಟೋ ವರ್ಷಗಳ ನಂತರ. ಅವರು ಅದನ್ನು ದೂರಿನಂತೆ ಹೇಳಿದವರಲ್ಲ, ಆದರೆ ಆ ಲಾಟೀನನ್ನು ಎಂದೂ ಅಟ್ಟಕ್ಕೆ ಹಾಕಿರಲಿಲ್ಲ. “ಹುಷಾರು ತಮ್ಮಾ” ಎಂದಷ್ಟೇ ಹೇಳಿದರು.

ಹಿರಿಯ ಲೈನ್‌ಮ್ಯಾನ್ ಕನ್ನಪ್ಪಣ್ಣ ಟಿಸಿ ಎನ್ನುವ ಟ್ರಾನ್ಸ್‌ಫಾರ್ಮರಿನ ಹತ್ತಿರ ಕಾಯುತ್ತಿದ್ದರು. ಬಡಾವಣೆಯ ಮೂರನೆಯ ಅಡ್ಡರಸ್ತೆಯಲ್ಲಿ ಹಲಸಿನ ಮರದ ದೊಡ್ಡ ಕೊಂಬೆ ಮುರಿದು ಮನೆಗಳಿಗೆ ಹೋಗುವ ಎಲ್‌ಟಿ ಲೈನಿನ ಮೇಲೆ ಬಿದ್ದಿತ್ತು. ಒಂದು ಫೇಸಿನ ತಂತಿ ತುಂಡಾಗಿ ನೆಲಕ್ಕೆ ತಾಗಿತ್ತು. ಅದೇ ಫೀಡರಿನ ಇನ್ನೊಂದು ತುದಿಯಲ್ಲಿ ಬೇರೊಂದು ತಂಡ ಅಕೇಶಿಯಾ ಮರವನ್ನು ಕಡಿದು ತೆಗೆಯುತ್ತಿತ್ತು. ಫೀಡರ್ ಹೇಗೂ ಆಫ್ ಆಗಿಯೇ ಇದ್ದರೂ ಕನ್ನಪ್ಪಣ್ಣ ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಲೈನಿನಲ್ಲಿ ಕೆಲಸ ಮಾಡುವ ಅನುಮತಿಯಾದ ಲೈನ್ ಕ್ಲಿಯರನ್ನು ತಮ್ಮ ಹೆಸರಿನಲ್ಲಿ ಪ್ರತ್ಯೇಕವಾಗಿ ಪಡೆದು, ಆಪರೇಟರ್ ಹೇಳಿದ ಸಂಖ್ಯೆಯನ್ನು ನಾಗರಾಜನ ಕೈಯಲ್ಲಿಯೇ ಪುಸ್ತಕಕ್ಕೆ ಬರೆಸಿದರು.

“ಆ ತಂಡದ ಎಲ್‌ಸಿ ಆ ತಂಡಕ್ಕೆ. ಅವರದು ಮುಗಿದರೆ ಅವರು ವಾಪಸ್ ಕೊಡುತ್ತಾರೆ. ನಮ್ಮದು ವಾಪಸ್ ಹೋಗುವ ತನಕ ಆಪರೇಟರ್ ಕರೆಂಟು ಬಿಡುವ ಹಾಗಿಲ್ಲ. ಗೊತ್ತಾಯ್ತಾ?”

“ಆಯ್ತು ಕನ್ನಪ್ಪಣ್ಣ.”

“ಟಿಸಿಯ ಜಿಒಎಸ್ ಸ್ವಿಚ್ ತೆರೆದು ಬೀಗ ಹಾಕಿ ಬರುತ್ತೇನೆ. ಆಮೇಲೆ ಎರಡೂ ಕಡೆ ಅರ್ಥ್. ನೀನು ಹೋಗಿ ತಂತಿಯ ಹತ್ತಿರ ಜನ ಬಾರದ ಹಾಗೆ ನೋಡಿಕೋ. ಮುಟ್ಟಬೇಡ.”

ಅಡ್ಡರಸ್ತೆಯಲ್ಲಿ ಹತ್ತು ಹದಿನೈದು ಮಂದಿ ಸೇರಿದ್ದರು. ಸೊಳ್ಳೆ ಮತ್ತು ಸೆಕೆಯಿಂದ ಮಕ್ಕಳು ಅಳುತ್ತಿದ್ದವು. ಕೊನೆಯ ಮನೆಯಲ್ಲಿ ಮರುದಿನ ಮದುವೆ. ಬಾಡಿಗೆಗೆ ತಂದ ಜನರೇಟರಿನ ಬೆಳಕಿನಲ್ಲಿ ಚಪ್ಪರದಡಿ ಅಡುಗೆಯವರು ತೆಂಗಿನಕಾಯಿ ತುರಿಯುತ್ತಿದ್ದುದು ದೂರದಿಂದಲೇ ಕಾಣುತ್ತಿತ್ತು. ತುಂಡಾದ ತಂತಿ ರಸ್ತೆಗೆ ಅಡ್ಡವಾಗಿ ಬಿದ್ದಿದ್ದರಿಂದ, ಆಸ್ಪತ್ರೆಯಿಂದ ತಂದೆಯನ್ನು ಕಾರಿನಲ್ಲಿ ಕರೆತಂದಿದ್ದ ಒಬ್ಬರು ಮನೆಗೆ ಹೋಗಲಾಗದೆ ನಿಂತಿದ್ದರು.

“ಕರೆಂಟೇ ಇಲ್ಲವಲ್ಲ ಸರ್, ಊರೆಲ್ಲ ಕತ್ತಲೆ. ಒಂಚೂರು ಪಕ್ಕಕ್ಕೆ ಎಳೆದುಬಿಡಿ, ಅಪ್ಪನನ್ನು ಮಲಗಿಸುತ್ತೇನೆ” ಎಂದು ಅವರು ಬೇಡಿದರು. ಕಾರಿನ ಹಿಂದಿನ ಸೀಟಿನಲ್ಲಿ ಮುದುಕರೊಬ್ಬರು ಕಣ್ಣು ಮುಚ್ಚಿ ಒರಗಿದ್ದರು.

ನಾಗರಾಜ ಗ್ಲೌಸು ಹಾಕಿಕೊಂಡನು. ಫೀಡರ್ ಆಫ್ ಆಗಿದೆ, ಎಲ್‌ಸಿ ಪುಸ್ತಕದಲ್ಲಿದೆ, ಈ ಹೊತ್ತಿಗೆ ಜಿಒಎಸ್ ಕೂಡ ತೆರೆದಿರಬಹುದು; ಎರಡು ಮಾರು ತಂತಿಯನ್ನು ಬದಿಗೆ ಸರಿಸಲು ಏನು ಅಡ್ಡಿ ಎಂದು ಅವನಿಗೂ ಅನ್ನಿಸಿತು. ಮೂರು ಹೆಜ್ಜೆ ಮುಂದಿಟ್ಟನು. ಆಗ ಎಡಗಡೆಯ ಹಂಚಿನ ಮನೆಯ ಕಿಟಕಿಯಲ್ಲಿ ಒಂದು ಬಲ್ಬು ಕಂಡಿತು. ಬೆಳಕು ಅನ್ನುವಷ್ಟೇನೂ ಇಲ್ಲ, ಕೆಂಪಗೆ ಕಾದ ತಂತಿ ಮಾತ್ರ. ಅಂಥ ಸಣ್ಣ ಮನೆಯಲ್ಲಿ ಯುಪಿಎಸ್ ಇರಲಾರದು, ಇದ್ದರೂ ಬಲ್ಬು ಹೀಗೆ ಉರಿಯದು. ಅವನು ನೋಡುತ್ತ ನಿಂತನು. ಚಪ್ಪರದ ಕಡೆಯಿಂದ ಬರುತ್ತಿದ್ದ ಜನರೇಟರಿನ ಸದ್ದು ಭಾರವಾಗಿ ತಗ್ಗಿದಾಗಲೆಲ್ಲ ಬಲ್ಬು ಇನ್ನಷ್ಟು ಕಂದುತ್ತಿತ್ತು. ಸದ್ದು ಏರಿದರೆ ಅದೂ ಏರುತ್ತಿತ್ತು.

“ಹಿಂದೆ ಸರಿಯಿರಿ! ಎಲ್ಲರೂ ಹಿಂದೆ ಸರಿಯಿರಿ!” ಎಂದು ಕೂಗಿದ ತನ್ನ ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು.

ಬೀಗದ ಕೀಲಿಯನ್ನು ಜೇಬಿಗೆ ಹಾಕುತ್ತ ಬಂದ ಕನ್ನಪ್ಪಣ್ಣ ಅವನು ತೋರಿಸಿದ ಕಿಟಕಿಯನ್ನೂ ಚಪ್ಪರವನ್ನೂ ನೋಡಿದರು. ಏನೂ ಮಾತನಾಡದೆ ಟೆಸ್ಟ್ ಲ್ಯಾಂಪ್ ತೆಗೆದು, ಒಂದು ತುದಿಯನ್ನು ಕಂಬದ ಅರ್ಥಿಗೆ ಸೇರಿಸಿ, ಇನ್ನೊಂದನ್ನು ಗ್ಲೌಸಿನ ಕೈಯಿಂದ ತಂತಿಗೆ ತಾಗಿಸಿದರು. ದೀಪ ಹತ್ತಿತು.

ನಾಗರಾಜನ ಮೊಣಕಾಲಿನ ಬಲವೆಲ್ಲ ಇಳಿದುಹೋದಂತಾಯಿತು.

ಮದುವೆ ಮನೆಯಲ್ಲಿ ತಪ್ಪು ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ. ಚೇಂಜ್‌ಓವರ್ ಸ್ವಿಚ್ ಇಲ್ಲದ ಆ ಮನೆಯಲ್ಲಿ ಜನರೇಟರಿನ ಹುಡುಗ ತನ್ನ ವೈರನ್ನು ನೇರವಾಗಿ ಬೋರ್ಡಿಗೆ ಕೊಟ್ಟಿದ್ದನು. ಮೈನ್ ಸ್ವಿಚ್ ಇಳಿಸಲು ಗಡಿಬಿಡಿಯಲ್ಲಿ ಮರೆತಿದ್ದನು. ಮನೆಗೆಂದು ಹುಟ್ಟಿದ ಕರೆಂಟು ಸರ್ವಿಸ್ ವೈರಿನ ಮೂಲಕ ಹಿಮ್ಮುಖವಾಗಿ ಲೈನಿಗೆ ಏರಿತ್ತು. ಲೈನು ತುಂಡಾಗಿದ್ದರಿಂದಲೇ ಆ ಚೂರಿನ ಮೇಲೆ ಇದ್ದದ್ದು ಎರಡೇ ಮನೆ. ಇಡೀ ಬಡಾವಣೆಯ ಹೊರೆ ಬಿದ್ದಿದ್ದರೆ ಜನರೇಟರ್ ಆಗಲೇ ನಿಂತುಹೋಗುತ್ತಿತ್ತು, ಅಪಾಯವೂ ಅಲ್ಲಿಗೇ ಮುಗಿಯುತ್ತಿತ್ತು. ಕನ್ನಪ್ಪಣ್ಣ ಮೈನ್ ಇಳಿಸಿ ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಂಡರು. ವಿಷಯ ತಿಳಿದ ಮದುಮಗಳ ತಂದೆ ಏನು ಹೇಳಬೇಕೆಂದು ತೋಚದೆ ಎರಡೂ ಕೈ ಮುಗಿದು ನಿಂತರು.

ಅದೇ ಕ್ಷಣದಲ್ಲಿ ಹಂಚಿನ ಮನೆಯ ಬಲ್ಬು ಆರಿತು. ಬಾಗಿಲು ತೆರೆದು ಒಬ್ಬ ಅಜ್ಜಿ ಹೊರಗೆ ಬಂದರು.

“ನಮ್ಮನೆಗೊಂದು ಬಂದಿತ್ತಲ್ಲ ಮಗಾ, ಅದನ್ನೂ ತೆಗೆದ್ಯಾ?”

“ಸರಿಯಾದ್ದು ತರುತ್ತೇನೆ ಅಜ್ಜೀ, ಸ್ವಲ್ಪ ಹೊತ್ತು” ಎಂದನು ನಾಗರಾಜ.

ಮತ್ತೊಮ್ಮೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ, ತುಂಡಾದ ಜಾಗದ ಎರಡೂ ಬದಿಗಳಲ್ಲಿ ಅರ್ಥಿಂಗ್ ಹಾಕಿದ ಮೇಲೆ, ಮೊದಲು ತಂತಿಯನ್ನು ಬದಿಗೆ ಸರಿಸಿ ಕಾರಿಗೆ ದಾರಿ ಬಿಟ್ಟರು. ನಂತರದ ಎರಡು ಗಂಟೆ ಬರಿಯ ದುಡಿಮೆ. ಊರಿನವರೇ ಗರಗಸ ತಂದು ಕೊಂಬೆಯನ್ನು ತುಂಡು ತುಂಡಾಗಿ ಕೊಯ್ದರು. ಹಲಸಿನ ಮೇಣ ಎಲ್ಲರ ಕೈಗೂ ಮೆತ್ತಿಕೊಂಡಿತು. ನಾಗರಾಜ ಸೇಫ್ಟಿ ಬೆಲ್ಟ್ ಬಿಗಿದು ಒದ್ದೆ ಕಂಬವನ್ನು ಹತ್ತಿದನು. ಕೆಳಗಿನಿಂದ ಕನ್ನಪ್ಪಣ್ಣ ಹಗ್ಗ ಜಗ್ಗಿದಂತೆ ತಂತಿ ಮೇಲೆ ಬಂದಿತು. ಸ್ಲೀವಿನೊಳಗೆ ಎರಡೂ ತುದಿಗಳನ್ನು ಸೇರಿಸಿ ಒತ್ತುವಾಗ ಬೆರಳುಗಳು ನಡುಗದಿದ್ದುದು ಅವನಿಗೆ ಆಶ್ಚರ್ಯವೆನಿಸಿತು. ಮೇಲಿನಿಂದ ನೋಡಿದರೆ ಬಡಾವಣೆಯೆಲ್ಲ ಕತ್ತಲೆ, ಮನೆಮನೆಯ ಜಗಲಿಯಲ್ಲಿ ಒಂದೊಂದು ಮೇಣದ ಬತ್ತಿ.

ಇಳಿದ ಮೇಲೆ ಕನ್ನಪ್ಪಣ್ಣ ಅವನನ್ನು ಹೊರಡಲು ಬಿಡಲಿಲ್ಲ.

“ಅರ್ಥ್ ಎಷ್ಟು ಹಾಕಿದ್ದು?”

“ಎರಡು.”

“ತೆಗೆದದ್ದು?”

“ಎರಡು. ಚೀಲದಲ್ಲಿವೆ.”

“ತೋರಿಸು.”

ತೋರಿಸಿದನು. ಕಂಬದ ಮೇಲೆ ಯಾರೂ ಇಲ್ಲವೆಂದು ಟಾರ್ಚು ಹಾಕಿ ನೋಡಿ, ಟಿಸಿಯಲ್ಲಿ ಹೋಗಿದ್ದ ಫ್ಯೂಸಿಗೆ ತಂತಿ ಕಟ್ಟಿ, ಬೀಗ ತೆಗೆದು ಜಿಒಎಸ್ ಮುಚ್ಚಿದರು. ಇನ್ನೊಂದು ತಂಡ ಆಗಲೇ ತನ್ನ ಎಲ್‌ಸಿಯನ್ನು ಹಿಂದಿರುಗಿಸಿತ್ತು. ಸಬ್‌ಸ್ಟೇಷನ್ನಿಗೆ ಫೋನು ಹಚ್ಚಿದ ಕನ್ನಪ್ಪಣ್ಣ ಅದನ್ನು ನಾಗರಾಜನ ಕೈಗೆ ಕೊಟ್ಟರು.

“ಜನ, ಸಾಮಾನು, ಅರ್ಥ್ ಎಲ್ಲ ತೆಗೆದಾಗಿದೆ. ಲೈನ್ ಕ್ಲಿಯರ್ ವಾಪಸ್ ಕೊಡುತ್ತಿದ್ದೇನೆ” ಎಂದು ಹೇಳಿ ಅವನು ಸಂಖ್ಯೆಯನ್ನು ಓದಿದನು. ಆಪರೇಟರ್ ಅದನ್ನು ತಿರುಗಿ ಓದಿ, ಸಮಯ ಒಂದು ಗಂಟೆ ನಲವತ್ತೈದು ನಿಮಿಷ ಎಂದು ಬರೆದುಕೊಂಡರು.

ಟಿಸಿ ಗುಂಯ್‌ಗುಟ್ಟಿತು. ಬೀದಿ ದೀಪಗಳು ಒಂದರ ಹಿಂದೊಂದು ಮಿಣುಕಿ ನಿಂತವು. ಮಕ್ಕಳು ಹೋ ಎಂದು ಕೂಗಿದರು. ಚಪ್ಪರದಡಿ ಯಾರೋ ಜನರೇಟರನ್ನು ನಿಲ್ಲಿಸಿದಾಗ ಅಷ್ಟು ಹೊತ್ತು ಕೇಳದಿದ್ದ ಕಪ್ಪೆಗಳ ಸದ್ದು ರಸ್ತೆಯನ್ನೆಲ್ಲ ತುಂಬಿತು. ಮದುವೆ ಮನೆಯವರು ಲೋಟದಲ್ಲಿ ಬಿಸಿ ಕಷಾಯ ತಂದುಕೊಟ್ಟರು. ಕಂಬದ ಮೇಲೆ ನಡುಗದಿದ್ದ ಕೈ ಈಗ ನಡುಗತೊಡಗಿತ್ತು. ನಾಗರಾಜ ಲೋಟವನ್ನು ಎರಡೂ ಕೈಗಳಿಂದ ಹಿಡಿದುಕೊಂಡನು. ಕನ್ನಪ್ಪಣ್ಣ ಅದನ್ನು ನೋಡಿದರು, ಏನೂ ಹೇಳಲಿಲ್ಲ, ಚೀಲವನ್ನು ತಾವೇ ಹೆಗಲಿಗೇರಿಸಿಕೊಂಡರು.

ಹಂಚಿನ ಮನೆಯ ಕಿಟಕಿ ಈಗ ಬೆಳ್ಳಗೆ ಬೆಳಗುತ್ತಿತ್ತು. ಅಜ್ಜಿ ಜಗಲಿಯಿಂದಲೇ ಕೂಗಿದರು:

“ಹೌದು ಮಗಾ, ಇದು ಸರಿಯಾದ್ದು.”