ಸಾಲ ತೀರಿದ್ದರೂ ಬಾಕಿ ಎಂದು ತೋರಿಸಿರುವುದನ್ನು ಸರಿಪಡಿಸಲು ಕೋರಿಕೆ

ದಾವಣಗೆರೆ
12 ಆಗಸ್ಟ್ 2025

ಇವರಿಗೆ,
ದೂರು ವಿಭಾಗದ ಅಧಿಕಾರಿಗಳು,
ಕ್ರೆಡಿಟ್ ಮಾಹಿತಿ ಕಂಪನಿ, ಮುಂಬೈ

ಮಾನ್ಯರೇ,

ನನ್ನ ಸ್ಕೂಟರ್ ಸಾಲ (ಖಾತೆಯ ಕೊನೆಯ ಅಂಕಿಗಳು 4471) ಪೂರ್ತಿ ತೀರಿದೆ. ಕೊನೆಯ ಕಂತು ₹3,480 ಕಟ್ಟಿದ್ದು 5 ಮಾರ್ಚ್ 2025ರಂದು. ಮಾರ್ಚ್ 19ಕ್ಕೆ ಬ್ಯಾಂಕು ಎನ್‌ಒಸಿ ಕೊಟ್ಟಿದೆ. ಆರ್‌ಸಿಯಲ್ಲಿದ್ದ ಬ್ಯಾಂಕಿನ ಹೆಸರನ್ನೂ ಆರ್‌ಟಿಒದಲ್ಲಿ ತೆಗೆಸಿದ್ದೇನೆ.

ಆದರೆ ಆಗಸ್ಟ್ 4ರ ನಿಮ್ಮ ವರದಿಯಲ್ಲಿ ಅದೇ ಖಾತೆ ಇನ್ನೂ ಚಾಲ್ತಿಯಲ್ಲಿದೆ. ಬಾಕಿ ₹3,480, ಜುಲೈ ತಿಂಗಳ ಕಾಲಂನಲ್ಲಿ 90 ದಿನಕ್ಕಿಂತ ಜಾಸ್ತಿ ತಡ ಎಂದಿದೆ. ಬಾಕಿ ಮೊತ್ತವೂ ಕೊನೆಯ ಕಂತೂ ಒಂದೇ ಆಗಿರುವುದನ್ನು ಗಮನಿಸಿ. ಆ ಒಂದು ಪಾವತಿ ದಾಖಲಾಗಿಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಇದರಿಂದ ನನ್ನ ಮನೆ ಸಾಲದ ಅರ್ಜಿ ನಿಂತುಹೋಗಿದೆ. ಒಂದು ಕಂತನ್ನೂ ತಪ್ಪಿಸದೆ ಕಟ್ಟಿದವಳಿಗೆ ಸುಸ್ತಿದಾರಳು ಎಂಬ ಹೆಸರು ಬಂದರೆ ತುಂಬಾ ನೋವಾಗುತ್ತದೆ.

ದಯವಿಟ್ಟು ಬ್ಯಾಂಕಿನಿಂದ ಖಚಿತಪಡಿಸಿಕೊಂಡು ಖಾತೆಯನ್ನು ‘ಕ್ಲೋಸ್ಡ್’ ಎಂದು ತೋರಿಸಿ. ಬಾಕಿ ಸೊನ್ನೆ ಆಗಬೇಕು, ಏಪ್ರಿಲ್‌ನಿಂದ ಬಂದಿರುವ ತಡದ ನಮೂದುಗಳೂ ಹೋಗಬೇಕು. ‘ಸೆಟಲ್ಡ್’ ಎಂದು ಮಾತ್ರ ಹಾಕಬೇಡಿ. ನಾನು ಯಾವ ರಿಯಾಯಿತಿಯನ್ನೂ ಪಡೆದಿಲ್ಲ, ಪೂರ್ತಿ ಹಣ ಕಟ್ಟಿದ್ದೇನೆ.

ರಿಸರ್ವ್ ಬ್ಯಾಂಕ್ ನಿಯಮದಂತೆ ದೂರು 30 ದಿನದೊಳಗೆ ಇತ್ಯರ್ಥವಾಗಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಸಿಗಬೇಕು. ನನಗೆ ಬೇಕಿರುವುದು ಪರಿಹಾರಕ್ಕಿಂತ ಸರಿಯಾದ ವರದಿ. ಆದರೂ ಅವಧಿ ಮೀರಿದರೆ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ.

ತಿದ್ದಿದ ವರದಿಯ ಪ್ರತಿಯನ್ನು ನನ್ನ ನೋಂದಾಯಿತ ಇಮೇಲ್‌ಗೆ ಕಳಿಸಿ.

ಲಗತ್ತು: ಎನ್‌ಒಸಿ, ಸಾಲದ ಖಾತೆಯ ಸ್ಟೇಟ್‌ಮೆಂಟ್, ಕೊನೆಯ ಕಂತಿನ ರಸೀದಿ, ನಿಮ್ಮ ವರದಿಯ ಪುಟ, ಪ್ಯಾನ್ ಪ್ರತಿ.

ತಮ್ಮ ವಿಶ್ವಾಸಿ,
ಸವಿತಾ ಎಚ್.